ಅಪ್‌ಡೇಟ್: ಅಫಿಡವಿಟ್‌ನಲ್ಲಿರುವ ‘ಅವರು’ ಒಬ್ಬರೋ, ಇಬ್ಬರೋ?

ನಾನು ಕೇಳಿದ್ದು: ‘ಮಾವ, ಅವರ ತಮ್ಮ ಬಂದರು. ಆಮೇಲೆ ಅವರು ಪತ್ರ ತೆಗೆದುಕೊಂಡು ಹೋದರು’ ಎಂಬುದನ್ನು ಇಂಗ್ಲಿಷಿಗೆ ತರುವಾಗ ‘ಹೀ’ ಎನ್ನಲೋ, ‘ದೇ’ ಎನ್ನಲೋ?

ಅಫಿಡವಿಟ್ ಪೂರ್ತಿ ಮತ್ತೆ ಓದಿದೆ. ಬೇರೆ ಪ್ಯಾರಾಗಳಲ್ಲಿ ‘ಇಬ್ಬರೂ’ ಎಂದು ಬಿಡಿಸಿ ಹೇಳಿದವರು ಇಲ್ಲಿ ಮಾತ್ರ ಹೇಳಿಲ್ಲ. ಇದು ಕೈತಪ್ಪಲ್ಲ ಅನ್ನಿಸಿತು. ‘ದೇ’ ಎಂದೇ ಇಟ್ಟೆ. ಅಷ್ಟಕ್ಕೇ ಬಿಟ್ಟರೆ ಓದುವವರು ಇಬ್ಬರು ಎಂದುಕೊಳ್ಳುತ್ತಾರೆ; ಅದಕ್ಕೆ ಅಡಿಟಿಪ್ಪಣಿ ಹಾಕಿದೆ: ‘ಮೂಲದ “ಅವರು” ಒಬ್ಬರಿಗೆ ಗೌರವವಾಗಿಯೂ ಹಲವರಿಗೆ ಬಹುವಚನವಾಗಿಯೂ ಸಲ್ಲುತ್ತದೆ; ಇಲ್ಲಿ ಯಾವುದೆಂದು ಮೂಲದಲ್ಲಿಲ್ಲ.’

ವಕೀಲರು, ‘ಮಾವ ಒಬ್ಬರೇ ಮೇಡಂ, ಹಾಗೇ ಬರೆದುಬಿಡಿ’ ಎಂದರು. ಒಪ್ಪಲಿಲ್ಲ. ಪಾಟೀಸವಾಲಿನಲ್ಲಿ ಬರಬೇಕಾದ ಉತ್ತರವನ್ನು ನಾನೇ ಕೊಟ್ಟಂತಾಗುತ್ತಿತ್ತು. ಸ್ಪಷ್ಟಪಡಿಸಬೇಕಿದ್ದರೆ ಪ್ರಮಾಣ ಮಾಡಿದವರೇ ಪೂರಕ ಅಫಿಡವಿಟ್ ಕೊಡಲಿ, ಅದನ್ನೂ ಅನುವಾದಿಸುತ್ತೇನೆ ಎಂದೆ. ಟಿಪ್ಪಣಿ ಉಳಿಯಿತು.