ಸಹಾಯ ಬೇಕು: ಯುಎಸ್‌ಡಿಟಿ ಪ್ರೀಮಿಯಂ ಸೇರಿಸಿ ಖರೀದಿ ಬೆಲೆ ಲೆಕ್ಕ ಹಾಕುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬಿಟ್‌ಕಾಯಿನ್ ಕೊಳ್ಳಲು ಮೊದಲು ಪಿ2ಪಿಯಲ್ಲಿ ರೂಪಾಯಿ ಕೊಟ್ಟು ಯುಎಸ್‌ಡಿಟಿ ತೆಗೆದುಕೊಳ್ಳುತ್ತೇನೆ. ಡಾಲರ್ 84 ರೂಪಾಯಿ ಇದ್ದಾಗ ನನಗೆ ಸಿಕ್ಕಿದ್ದು 89.04ಕ್ಕೆ, ಅಂದರೆ ಶೇ 6 ಹೆಚ್ಚು; ಈ ಹೆಚ್ಚುವರಿಯೇ ಪ್ರೀಮಿಯಂ. 1,000 ಯುಎಸ್‌ಡಿಟಿಗೆ 89,040 ರೂಪಾಯಿ ಕೊಟ್ಟೆ.

ಇನ್ನೂ ಅಗ್ಗದ ಜಾಹೀರಾತುಗಳಿದ್ದವು. ಆದರೆ ಅವುಗಳ ಕನಿಷ್ಠ ಮೊತ್ತ ನನ್ನ ಕೈಗೆ ಎಟುಕುವಂಥದ್ದಲ್ಲ. ಕೆಲವರ ವಹಿವಾಟಿನ ದಾಖಲೆಯೂ ಸರಿಯಿರಲಿಲ್ಲ. ಬ್ಯಾಂಕ್ ಖಾತೆ ಸ್ಥಗಿತವಾಗುವ ಭಯ ದೊಡ್ಡದು, ಹಾಗಾಗಿ ಅತ್ತ ಹೋಗಲಿಲ್ಲ.

ಗೊಂದಲ ಇಲ್ಲಿದೆ. ಆ ಯುಎಸ್‌ಡಿಟಿಯಿಂದ ಬಿಟ್‌ಕಾಯಿನ್ ಕೊಂಡಾಗ ಜಾಗತಿಕ ಚಾರ್ಟ್‌ನಲ್ಲಿ ನನ್ನ ಖರೀದಿ ಬೆಲೆ 60,000 ಡಾಲರ್. ಮಾರುವಾಗಲೂ ಪ್ರೀಮಿಯಂ ಶೇ 6 ಇದ್ದರೆ ಕೊಟ್ಟ ಹೆಚ್ಚುವರಿ ಹಣ ಮರಳಿ ಬರುತ್ತದೆ. ಅದು ಶೇ 2ಕ್ಕೆ ಇಳಿದರೆ ಬಿಟ್‌ಕಾಯಿನ್ ಅಲುಗಾಡದಿದ್ದರೂ ಕೈಗೆ ಬರುವುದು 85,680 ರೂಪಾಯಿ ಮಾತ್ರ. ಅಸಲು ಉಳಿಯಲು ಬೆಲೆ ಸುಮಾರು 62,350 ಡಾಲರ್ ಮುಟ್ಟಬೇಕು. ಶೇ 1ರ ಟಿಡಿಎಸ್ ಬೇರೆ. ಅದು ರಿಟರ್ನ್ಸ್‌ನಲ್ಲಿ ಹೊಂದಾಣಿಕೆಯಾದರೂ ಅಲ್ಲಿಯವರೆಗೆ ಹಣ ಸಿಕ್ಕಿಕೊಂಡಿರುತ್ತದೆ. ಇದು ಬಿಟ್‌ಕಾಯಿನ್ ಮೇಲಿನ ಹೂಡಿಕೆಯ ಜೊತೆಗೆ ಪ್ರೀಮಿಯಂ ಮೇಲಿನ ಪಣವೂ ಆಗಿಬಿಟ್ಟಿದೆ ಎಂದು ನನಗೆ ಅನ್ನಿಸುತ್ತದೆ.

ಅನುಭವಿಗಳು ದಯವಿಟ್ಟು ತಿಳಿಸಿ: ಸ್ಟಾಪ್‌ಲಾಸ್ ಮತ್ತು ಗುರಿಯನ್ನು ನೀವು 60,000ದಿಂದ ಎಣಿಸುತ್ತೀರಾ, ಅಥವಾ ಪ್ರೀಮಿಯಂ ಕುಸಿತವನ್ನು ಸೇರಿಸಿ 62,350ರಿಂದಲೇ? ಪ್ರೀಮಿಯಂ ಎಷ್ಟಿದ್ದಾಗ ಖರೀದಿಯನ್ನೇ ಮುಂದೂಡುತ್ತೀರಿ?