ಸಾಲಪತ್ರದಲ್ಲಿ ‘ಶೇ 2ರಷ್ಟು ಹೆಚ್ಚಳ’ ಎಂದರೆ ಎಷ್ಟು?

ಕೇಳಿದವರು: ಇಬ್ಬರು ವ್ಯಾಪಾರಿಗಳ ನಡುವಿನ 5 ಲಕ್ಷ ರೂಪಾಯಿ ಸಾಲಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಬಡ್ಡಿ ಶೇ 12. ಕಂತು ತಪ್ಪಿದರೆ ದರ ಶೇ 2ರಷ್ಟು ಹೆಚ್ಚುತ್ತದೆ’ ಎಂದು ಬರೆದರೆ ಸಾಕೇ?

ಸಾಲಪತ್ರ ಬರೆಯುವ ವಕೀಲರು: ಸಾಲದು ಮೇಡಂ. ಹನ್ನೆರಡಕ್ಕೆ ಎರಡು ಕೂಡಿಸಿ 14 ಎಂದು ಸಾಲ ಕೊಟ್ಟವರು ಓದುತ್ತಾರೆ. ಹನ್ನೆರಡರಲ್ಲಿ ನೂರಕ್ಕೆ ಎರಡು ಪಾಲು ಹೆಚ್ಚಿ 12.24 ಆಯಿತು ಎಂದು ಸಾಲಗಾರರು ವಾದಿಸಬಹುದು. ಪೂರ್ತಿ 5 ಲಕ್ಷ ಬಾಕಿಯಿದ್ದರೆ ಮೊದಲನೆಯದರಲ್ಲಿ ವರ್ಷಕ್ಕೆ 10,000 ರೂಪಾಯಿ ಹೆಚ್ಚು, ಎರಡನೆಯದರಲ್ಲಿ 1,200. ಏರಿಕೆಯನ್ನು ಹೇಳುವುದನ್ನೇ ಬಿಟ್ಟು, ‘ಬಡ್ಡಿದರವು ವರ್ಷಕ್ಕೆ ಶೇ 12ರಿಂದ ವರ್ಷಕ್ಕೆ ಶೇ 14ಕ್ಕೆ ಏರುತ್ತದೆ’ ಎಂದು ಎರಡೂ ತುದಿ ಬರೆಯಿರಿ. ಯಾವ ದಿನದಿಂದ, ಪೂರ್ತಿ ಬಾಕಿಗೋ ತಪ್ಪಿದ ಕಂತಿಗೆ ಮಾತ್ರವೋ, ಅದೂ ಇರಲಿ.

ಹಾಸನದ ಕಡೆಯವರು: ‘ವರ್ಷಕ್ಕೆ’ ಅಂತ ಯಾಕೆ ಬೇಕು? ನಮ್ಮಲ್ಲಿ ಎರಡು ರೂಪಾಯಿ ಬಡ್ಡಿ ಅಂದ್ರೆ ತಿಂಗಳಿಗೆ ಅಂತ ಎಲ್ಲರಿಗೂ ಗೊತ್ತು.

ವಕೀಲರು: ಆಡುಮಾತಿನಲ್ಲಿ ನಿಮ್ಮ ಮಾತು ಸರಿ. ಅದನ್ನೇ ‘ಶೇ 2’ ಎಂದು ಕಾಗದಕ್ಕಿಳಿಸಿದರೆ ಬ್ಯಾಂಕಿನ ರೂಢಿಯವರು ವರ್ಷದ್ದೆಂದು ಓದುತ್ತಾರೆ. ಲಕ್ಷಕ್ಕೆ ವರ್ಷಕ್ಕೆ 24,000 ಆಗಬೇಕಾದದ್ದು 2,000 ಆಗುತ್ತದೆ. ಬಡ್ಡಿಯನ್ನು ತಿಂಗಳು ತಿಂಗಳು ಅಸಲಿಗೆ ಸೇರಿಸುವುದಾದರೆ 24 ಕೂಡ ನಿಲ್ಲುವುದಿಲ್ಲ, ಸುಮಾರು 26.82 ಆಗುತ್ತದೆ. ಹಾಗಾಗಿ ಸರಳಬಡ್ಡಿಯೋ ಚಕ್ರಬಡ್ಡಿಯೋ ಎಂಬುದನ್ನೂ ನಮೂದಿಸಬೇಕು.

ಮತ್ತೊಬ್ಬರು: ನನ್ನ ಹತ್ತಿರ ಇರೋ ಪ್ರೋನೋಟಿನಲ್ಲಿ ಬರೀ ‘ಶೇ 2’ ಅಂತಿದೆ. ಅವಧಿ ಬರೆಯದಿದ್ದರೆ ಕಾನೂನು 18 ಪರ್ಸೆಂಟ್ ಕೊಡಿಸುತ್ತಂತಲ್ಲ?

ವಕೀಲರು: ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 80ನೇ ಕಲಮಿನ ಆ ವಾರ್ಷಿಕ 18, ದರವನ್ನೇ ಬರೆಯದ ಪತ್ರಕ್ಕೆ. ನಿಮ್ಮದರಲ್ಲಿ ದರವಿದೆ, ಅವಧಿಯಿಲ್ಲ. ಈವರೆಗೆ ಬಡ್ಡಿ ಕಟ್ಟಿಸಿಕೊಂಡ ರಸೀದಿಗಳಿದ್ದರೆ ತೆಗೆದಿಡಿ. ತಿಂಗಳ ಲೆಕ್ಕವೋ ವರ್ಷದ ಲೆಕ್ಕವೋ ಎಂಬ ವಾದಕ್ಕೆ ಅವೇ ಆಧಾರವಾದಾವು.

ಬ್ಯಾಂಕಿನಲ್ಲಿದ್ದವರು: ಬ್ಯಾಂಕ್ ಸಾಲವಾದರೆ ಈ ವಾಕ್ಯವನ್ನೇ ಬಳಸಬೇಡಿ. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ ಸುತ್ತೋಲೆಯ ನಂತರ, ಕಂತು ತಪ್ಪಿದ್ದಕ್ಕೆ ದಂಡವನ್ನು ಬಡ್ಡಿದರಕ್ಕೆ ಕೂಡಿಸುವಂತಿಲ್ಲ, ಶುಲ್ಕವಾಗಿ ಬೇರೆ ಹಾಕಬೇಕು.

ಕೇಳಿದವರು: ಇದು ಖಾಸಗಿ ಸಾಲ, ಹಾಗಾಗಿ 12ರಿಂದ 14ಕ್ಕೆ ಎಂದೇ ಬರೆಯುತ್ತೇನೆ. ದರ ಏರಿಳಿಯುವ ಸಾಲದಲ್ಲಿ ಎರಡು ತುದಿ ಬರೆಯಲಾಗದಲ್ಲ, ಅಲ್ಲಿ ‘2 ಶೇಕಡಾ ಅಂಶ’ ಎನ್ನಲೇ?

ವಕೀಲರು: ನಾನು ಹಾಗೇ ಬರೆಯುತ್ತೇನೆ. ಜೊತೆಗೆ ‘ಅಂದು ದರ 9 ಇದ್ದರೆ 11’ ಎಂಬ ಉದಾಹರಣೆಯನ್ನು ಪತ್ರದೊಳಗೇ ಸೇರಿಸುತ್ತೇನೆ.

ಬ್ಯಾಂಕಿನಲ್ಲಿದ್ದವರು: ಉದಾಹರಣೆ ಇರಲೇಬೇಕು. ಆದರೆ ‘ಶೇಕಡಾ ಅಂಶ’ ಎಂದರೆ ಓದುವವರಿಗೆ ಮತ್ತೆ ‘ಶೇಕಡಾ’ ಎಂದೇ ಕೇಳಿಸುತ್ತದೆ. ನಾನಾದರೆ ‘ನೂರಕ್ಕೆ ಇನ್ನೂ 2 ರೂಪಾಯಿ, ವರ್ಷಕ್ಕೆ’ ಎನ್ನುತ್ತೇನೆ.