ಕುದುರೆ ರೇಸ್‌ಗೆ ಕೆಲ್ಲಿ ಸೂತ್ರ: ಗಂಟಿನ 10% ಹಾಕಬಹುದಾ?

ಕೇಳಿದವರು, ಹಾಸನ: ಎರಡು ಸೀಸನ್‌ನಿಂದ ಮೈಸೂರು, ಬೆಂಗಳೂರು ರೇಸ್‌ಗಳನ್ನು ನೋಡಿ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೇನೆ. ಇನ್ನೂ ದುಡ್ಡು ಹಾಕಿಲ್ಲ. ಒಂದಕ್ಕೊಂದು ಆಡ್ಸ್, ಅಂದರೆ ಗೆದ್ದರೆ ಹಾಕಿದಷ್ಟೇ ಲಾಭ ಇರುವ 200 ಕುದುರೆ ಆರಿಸಿದೆ, 110 ಗೆದ್ದವು. ಗಂಟು 20,000 ರೂಪಾಯಿ. ಕೆಲ್ಲಿ ಸೂತ್ರ ಪ್ರತಿ ಸಲ ಗಂಟಿನ 10% ಹಾಕು ಅನ್ನುತ್ತದೆ. ಹಾಕಲಾ? ಬಳಸಿದವರು ಅನುಭವ ಹೇಳಿ.

ಕ್ಯೂರಿಂಗ್ ವರ್ಕ್ಸ್ ಲೆಕ್ಕದವನು, ಹಾಸನ: ನಾನು ಬಳಸಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಕೆಲವು ವರ್ಷದ ಹಿಂದೆ ನನಗೂ ಇಂಥದ್ದೇ ಒಂದು ನೋಟ್‌ಬುಕ್ ಇತ್ತು. ನೂರರಲ್ಲಿ 60 ಗೆಲ್ಲುತ್ತೇನೆ ಅಂತ ಅದು ಹೇಳುತ್ತಿತ್ತು. ಸೂತ್ರಕ್ಕೆ ಹಾಕಿದರೆ ಸಲಕ್ಕೆ 20% ಬಂತು. 15,000 ಇಟ್ಟುಕೊಂಡು ಶುರು ಮಾಡಿದೆ. 40 ಬೆಟ್ ಆದ ಮೇಲೆ ನೋಡಿದರೆ 21 ಗೆದ್ದಿದ್ದೆ, 19 ಸೋತಿದ್ದೆ. ಗೆದ್ದದ್ದೇ ಜಾಸ್ತಿ ಅಲ್ವಾ? ಆದರೆ ಕೈಯಲ್ಲಿ ಇದ್ದದ್ದು ಹತ್ತು ಸಾವಿರಕ್ಕೂ ಕಡಿಮೆ. ಯಾರೋ ಮೋಸ ಮಾಡಿದರು ಅಂತ ಎರಡು ದಿನ ಚೀಟಿಗಳನ್ನೆಲ್ಲ ಮತ್ತೆ ಮತ್ತೆ ಕೂಡಿಸಿದೆ. ಯಾರೂ ಮಾಡಿರಲಿಲ್ಲ.

ಆಗಿದ್ದು ಇಷ್ಟು. 20% ಗೆದ್ದು 20% ಸೋತರೆ 100 ರೂಪಾಯಿ 120 ಆಗಿ, ಆಮೇಲೆ 96ಕ್ಕೆ ಇಳಿಯುತ್ತದೆ. ಒಂದು ಗೆಲುವು, ಒಂದು ಸೋಲು, ಲೆಕ್ಕ ಸಮ ಅಂತ ನಾವು ಅಂದುಕೊಳ್ಳುವ ಪ್ರತಿ ಜೋಡಿಗೂ ಗಂಟಿನ 4% ಸವೆಯುತ್ತದೆ. 10% ಹಾಕಿದರೆ ಜೋಡಿಗೆ 1% ಸವೆತ, 5% ಹಾಕಿದರೆ ಕಾಲು ಪರ್ಸೆಂಟ್. ಬೆಟ್ ಇಮ್ಮಡಿ ಮಾಡಿದರೆ ಸಿಗುವ ಲಾಭ ಹೆಚ್ಚುಕಡಿಮೆ ಇಮ್ಮಡಿ, ಸವೆತ ಮಾತ್ರ ನಾಲ್ಕು ಪಟ್ಟು. ಕೆಲ್ಲಿ ಸೂತ್ರ ಇವೆರಡನ್ನೂ ತೂಗಿ ನೋಡಿ, ಗಂಟು ಅತಿ ವೇಗವಾಗಿ ಬೆಳೆಯುವ ಪಾಲು ಯಾವುದು ಅಂತ ಹೇಳುತ್ತದೆ.

```
f = (b*p - q) / b
```

ಇಲ್ಲಿ f ಅಂದರೆ ಗಂಟಿನಲ್ಲಿ ಹಾಕಬೇಕಾದ ಪಾಲು, b ಅಂದರೆ ಒಂದು ರೂಪಾಯಿಗೆ ಸಿಗುವ ಲಾಭ, p ಗೆಲ್ಲುವ ಸಾಧ್ಯತೆ, q ಸೋಲುವುದು. b ಬೋರ್ಡ್ ಮೇಲೆ ಇರುತ್ತದೆ. p ಇರುವುದು ನಿಮ್ಮ ತಲೆಯಲ್ಲಿ. ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಇದನ್ನು ಬರೆದರು. ಆಮೇಲೆ ಎಡ್ವರ್ಡ್ ಥಾರ್ಪ್ ಬ್ಲ್ಯಾಕ್‌ಜಾಕ್‌ನಲ್ಲಿ ಬಳಸಿದರು. ಅಲ್ಲಿ ಬಿದ್ದ ಇಸ್ಪೀಟ್ ಎಲೆ ಎಣಿಸಿದರೆ p ಎಷ್ಟು ಅಂತ ಲೆಕ್ಕ ಹಾಕಬಹುದು. ಕುದುರೆಗೆ ಎಲೆ ಎಣಿಸುವುದು ಹೇಗೆ ಹೇಳಿ.

ಈಗ ನಿಮ್ಮದೇ ಅಂಕಿ ಹಿಡಿಯೋಣ. ನಿಮ್ಮ ನಿಜವಾದ p 55% ಅಲ್ಲ, 51% ಅಂತ ಇಟ್ಟುಕೊಳ್ಳಿ. ಮುಂದಿನ 200ರಲ್ಲಿ 102 ಗೆಲ್ಲುತ್ತೀರಿ, 98 ಸೋಲುತ್ತೀರಿ. ಸಲಕ್ಕೆ 10% ಹಾಕಿದ್ದರೆ 98 ಜೋಡಿ ಸವೆದು, ಮೇಲಿನ ನಾಲ್ಕು ಗೆಲುವೂ ಸೇರಿ 20,000 ಹೋಗಿ ಸುಮಾರು 10,900 ಉಳಿಯುತ್ತದೆ. ನಿಜವಾಗಿ ನಿಮಗೆ ಎಡ್ಜ್, ಅಂದರೆ ಆಡ್ಸ್‌ಗಿಂತ ಮೇಲುಗೈ ಇತ್ತು, ಆದರೂ ಅರ್ಧ ಗಂಟು ಹೋಯಿತು. ನಿಜವಾದ p 52.5% ಆಗಿದ್ದರೆ ಸರಿಯಾದ ಪಾಲು 5%. ನೀವು ಹಾಕಿದ್ದು ಅದರ ಎರಡರಷ್ಟು. ಆಗ 200 ಬೆಟ್ ಆದ ಮೇಲೂ ಗಂಟು ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಸರಿಯಾದ ಪಾಲಿನ ಎರಡರಷ್ಟು ಅನ್ನುವುದೇ ಗಡಿ, ಅದನ್ನು ದಾಟಿದರೆ ಎಡ್ಜ್ ಇದ್ದೂ ಕರಗುತ್ತೀರಿ.

ಬೇಲೂರು ರಸ್ತೆ: ಇಷ್ಟೆಲ್ಲ ಯಾಕೆ ಸರ್? ಅರ್ಧ ಕೆಲ್ಲಿ ಹಾಕಲಿ, 5%. ಬೆಳವಣಿಗೆ ಮುಕ್ಕಾಲು ಪಾಲು ಸಿಗುತ್ತದೆ, ಗಂಟು ಎಂದೂ ಮುಳುಗಲ್ಲ. ನಾನು ಯಾವಾಗಲೂ ಅರ್ಧವೇ.

ಕ್ಯೂರಿಂಗ್ ವರ್ಕ್ಸ್ ಲೆಕ್ಕದವನು, ಹಾಸನ: ಮುಕ್ಕಾಲು ಅನ್ನುವುದು ಸರಿ. ಗಂಟು ಯಾವತ್ತಾದರೂ ಅರ್ಧಕ್ಕೆ ಇಳಿಯುವ ಸಾಧ್ಯತೆ ಪೂರ್ತಿ ಕೆಲ್ಲಿಯಲ್ಲಿ ಸುಮಾರು ಎರಡರಲ್ಲಿ ಒಂದು, ಅರ್ಧ ಕೆಲ್ಲಿಯಲ್ಲಿ ಎಂಟರಲ್ಲಿ ಒಂದು. ಆದರೆ ಇದೆಲ್ಲ p ಸರಿಯಿದ್ದಾಗ ಮಾತ್ರ. ನೀವು ಅರ್ಧ ಮಾಡುತ್ತಿರುವುದು ತಪ್ಪು ಅಂಕಿಯನ್ನು. ನಿಜ 51% ಇದ್ದರೆ ಸರಿಯಾದ ಪಾಲು 2%. ನಿಮ್ಮ 5% ಈಗಲೂ ಅದರ ಎರಡರಷ್ಟಕ್ಕಿಂತ ಜಾಸ್ತಿ. ಅದೇ 102 ಗೆಲುವಿಗೆ 20,000 ಹೋಗಿ 19,000 ಆಗುತ್ತದೆ. ಏಟು ಸಣ್ಣದು ಅಷ್ಟೇ. ನಿಜ 50%ಕ್ಕಿಂತ ಕೆಳಗಿದ್ದರೆ ಯಾವ ಪಾಲೂ ಉಳಿಸಲ್ಲ.

ಸಕಲೇಶಪುರದ ತೋಟ: ನನ್ನದು ಬೇರೆ ಕೇಸ್, ಕ್ಷಮಿಸಿ. ರೊಬಸ್ಟಾ ರೇಟ್ ಏರುತ್ತದೆ ಅಂತ 60 ಮೂಟೆ ಮಾರದೆ ಇಟ್ಟಿದ್ದೇನೆ. ಏರುತ್ತದೆ ಅನ್ನುವುದು ನನಗೆ 70% ಖಾತ್ರಿ. ಈ ಸೂತ್ರಕ್ಕೆ ಹಾಕಿದರೆ ಎಷ್ಟು ಮೂಟೆ ಇಟ್ಟುಕೊಳ್ಳಬೇಕು?

ಬೇಲೂರು ರಸ್ತೆ: ಅಣ್ಣಾ, ಇಲ್ಲಿ ಕುದುರೆ ಮಾತು ನಡೀತಿದೆ.

ಪಾಠದ ಮೇಡಂ, ಚಿಕ್ಕಮಗಳೂರು: ನಾನು ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುವವಳು, ರೇಸ್ ಕೋರ್ಸ್‌ಗೆ ಕಾಲಿಟ್ಟವಳಲ್ಲ. ಆ 110 ಅನ್ನುವುದನ್ನು ಸ್ವಲ್ಪ ನೋಡಿ. 200 ಸಲ ಸುಮ್ನೆ ನಾಣ್ಯ ಚಿಮ್ಮಿದರೆ 100 ಬರಬೇಕು, ಆಚೆ ಈಚೆ ಏಳು ಅನ್ನುವುದು ಮಾಮೂಲಿ ಏರುಪೇರು. 110 ಅಥವಾ ಅದಕ್ಕಿಂತ ಜಾಸ್ತಿ ಬೀಳುವುದು ನೂರರಲ್ಲಿ ಸುಮಾರು ಒಂಬತ್ತು ಸಲ. ಅಂದರೆ ನಿಮ್ಮ ಥರ ನೋಟ್‌ಬುಕ್ ಇಟ್ಟ ಹನ್ನೊಂದು ಜನ, ಯಾರಿಗೂ ಏನೂ ಗೊತ್ತಿಲ್ಲದಿದ್ದರೂ, ಒಬ್ಬರ ಪುಸ್ತಕದಲ್ಲಿ 110 ಸಿಗುತ್ತದೆ. ಸಲಹೆ ಕೇಳಲು ಬರುವವರು ಅವರೇ, 96 ಬಂದವರು ಪುಸ್ತಕ ಮುಚ್ಚಿರುತ್ತಾರೆ.

ಇನ್ನೊಂದು. ಕುದುರೆ ಆರಿಸುವ ನಿಯಮ ಮೊದಲ ದಿನವೇ ಇತ್ತಾ, ಅಥವಾ ನಡುವೆ ಬದಲಾಯಿಸಿ ಹಳೆಯ ಓಟಗಳಿಗೂ ಅದನ್ನೇ ಹಚ್ಚಿದಿರಾ? ಹಚ್ಚಿದ್ದರೆ 55% ಇನ್ನೂ ಕೆಳಗೆ ಬರುತ್ತದೆ. ನಾನಾಗಿದ್ದರೆ 55ರ ಬದಲು 51 ಅಂತ ಹಾಕಿ ಸೂತ್ರಕ್ಕೆ ಕೊಡುತ್ತಿದ್ದೆ. ಉತ್ತರ 2%, ಅಂದರೆ 400 ರೂಪಾಯಿ. ಅದು ತೀರಾ ಕಡಿಮೆ ಅನ್ನಿಸಿದರೆ ಪುಸ್ತಕದಲ್ಲೇ ಇನ್ನೊಂದು 500 ಬರೆಯಿರಿ.

ಹಳೇ ಟೋಟ್ ಗಿರಾಕಿ: ಎಲ್ಲರೂ p ಹಿಡಿದುಕೊಂಡು ಕೂತಿದ್ದೀರಿ. b ನೋಡಿದಿರಾ? ಬೆಟ್ ಮೊತ್ತದ ಮೇಲೆ ಜಿಎಸ್‌ಟಿ 28% ಇತ್ತು, 2025ರ ಸೆಪ್ಟೆಂಬರ್‌ನಿಂದ 40% ಆಯಿತು. 100 ರೂಪಾಯಿ ಬೆಟ್‌ಗೆ ಜೇಬಿಂದ 140 ಹೋಗುತ್ತದೆ. ಒಂದಕ್ಕೊಂದರಲ್ಲಿ ಗೆದ್ದರೆ ವಾಪಸ್ 200. ನಿಮ್ಮ ಲಾಭ 60, ಸೋತರೆ ಹೋಗುವುದು 140. ಗೆದ್ದದ್ದರ ಮೇಲಿನ ಇನ್‌ಕಮ್ ಟ್ಯಾಕ್ಸ್ ಬೇರೆ, ಅದನ್ನು ನಾನು ಸೇರಿಸಿಲ್ಲ.

ಕ್ಯೂರಿಂಗ್ ವರ್ಕ್ಸ್ ಲೆಕ್ಕದವನು, ಹಾಸನ: ಇದು ನನಗೆ ಹೊಳೆಯಲೇ ಇಲ್ಲ, ನಾನು ಆಡುತ್ತಿದ್ದಾಗ ತೆರಿಗೆ ಹೀಗಿರಲಿಲ್ಲ. ಹಾಗಾದರೆ b ಒಂದಲ್ಲ, 60 ಭಾಗಿಸು 140, ಅಂದರೆ 0.43. ಸಮ ಬರುವುದಕ್ಕೇ ನೂರರಲ್ಲಿ 70 ಗೆಲ್ಲಬೇಕು. 55% ಅನ್ನೇ ನಂಬಿ ಹಾಕಿದರೂ ಸೂತ್ರ ಮೈನಸ್ 50% ಅನ್ನುತ್ತದೆ. ಮೈನಸ್ ಬಂದರೆ ಬೆಟ್ ಸೊನ್ನೆ.

ಬೇಲೂರು ರಸ್ತೆ: ಹಂಗಂತ ಎಲ್ಲ ಬಿಟ್ಟುಬಿಡೋದಾ? ಆಡ್ಸ್ ಜಾಸ್ತಿ ಇರುವ ಕುದುರೆ ಹಿಡಿದರೆ ತೆರಿಗೆ ಅಷ್ಟು ಕಚ್ಚಲ್ಲ.

ಹಳೇ ಟೋಟ್ ಗಿರಾಕಿ: ಒಂದಕ್ಕೆ ಐದು ಇರುವ ಕುದುರೆಗೂ 140 ಕೊಡಬೇಕು, ಗೆದ್ದರೆ ವಾಪಸ್ 600. ತೆರಿಗೆ ಇಲ್ಲದಿದ್ದರೆ ಆರರಲ್ಲಿ ಒಂದು ಗೆದ್ದರೆ ಸಾಕಿತ್ತು, ಈಗ ಅದು ನಾಲ್ಕೂಕಾಲರಲ್ಲಿ ಒಂದು ಗೆಲ್ಲಬೇಕು. ಅಷ್ಟು ಎಡ್ಜ್ ನಿಮಗಿದ್ದರೆ ಹೇಳಿ, ನಾನೂ ಬರುತ್ತೇನೆ.

ಕೇಳಿದವರು, ಹಾಸನ: ಮೇಡಂ, ನಿಯಮ ಎರಡು ಸಲ ಬದಲಾಯಿಸಿದ್ದೇನೆ. ಮೊದಲ 80 ಓಟಗಳಿಗೆ ಆಮೇಲೆ ಹಚ್ಚಿದ್ದೂ ನಿಜ. ಈಗ ಅವನ್ನು ಬಿಟ್ಟು ಎಣಿಸಿದೆ: 120ರಲ್ಲಿ 62. ತೆರಿಗೆ ನಾನು ಸೇರಿಸಿಯೇ ಇರಲಿಲ್ಲ.

ಸಕಲೇಶಪುರದ ತೋಟ: ನನ್ನ ಮೂಟೆ ವಿಷಯ ಯಾರಾದರೂ ಹೇಳುತ್ತೀರಾ?

ಪಾಠದ ಮೇಡಂ, ಚಿಕ್ಕಮಗಳೂರು: ಏರಿದರೆ ಎಷ್ಟು ಏರುತ್ತದೆ, ಇಳಿದರೆ ಎಷ್ಟು ಇಳಿಯುತ್ತದೆ ಅಂತ ಮೊದಲು ಬರೆಯಿರಿ ಸರ್. ಆ 70% ಎಲ್ಲಿಂದ ಬಂತು ಅನ್ನುವುದನ್ನೂ.